ಕಸದ ಶುಲ್ಕ: ಮನೆಗೊಂದೇ ದರವೇ, ಚೀಲಕ್ಕಿಷ್ಟೇ, ಕಿಲೋಗಿಷ್ಟೇ?

ಮನೆಮನೆಯಿಂದ ಕಸ ಎತ್ತುವುದಕ್ಕೆ ಶುಲ್ಕ ಹಾಕಬೇಕು ಅಂತ ಊರು ತೀರ್ಮಾನ ಮಾಡಿದ ಕೂಡಲೇ ಮೂರು ದನಿ ಏಳುತ್ತವೆ. ಇಬ್ಬರೇ ಇರುವ ಮನೆಯವರು, "ನಾವು ಹಾಕೋದು ಒಂದು ಹಿಡಿ. ಎಂಟು ಜನ ಇರೋ ಮನೆಯಷ್ಟೇ ನಾವೂ ಕೊಡಬೇಕಾ?" ಅನ್ನುತ್ತಾರೆ. ದೊಡ್ಡ ಕುಟುಂಬದವರು, "ಮಕ್ಕಳಿದ್ದಾರೆ ಅನ್ನೋದಕ್ಕೆ ದಂಡನಾ?" ಅನ್ನುತ್ತಾರೆ. ಲೆಕ್ಕ ನೋಡುವವರಿಗೆ ಇನ್ನೊಂದು ಚಿಂತೆ. ಕಸ ಎಷ್ಟೇ ಬರಲಿ, ಗಾಡಿಯಂತೂ ಹೋಗಲೇಬೇಕು, ಅದರ ಖರ್ಚು ಎಲ್ಲಿಂದ?

ಮೂವರ ಮಾತೂ ಸರಿ. ಅದಕ್ಕೇ ಇಂಥ ಊರಿನ ಸಮಿತಿಯಲ್ಲಿರುವವರು, ಅಪಾರ್ಟ್‌ಮೆಂಟ್ ಸಂಘದವರು ಯಾವ ಪದ್ಧತಿ ಹಿಡಿಯಬೇಕು ಅಂತ ತಿಳಿಯದೆ ಕೂತಿರುತ್ತಾರೆ. ಸಮಾನ ದರ, ಆಸ್ತಿಗೆ ತಕ್ಕ ದರ, ಡಬ್ಬಿಯ ಅಳತೆಗೆ ದರ, ಚೀಲಕ್ಕೆ ದರ, ತೂಕಕ್ಕೆ ದರ, ಹೀಗೆ ಆಯ್ಕೆಗಳು ಇವೆ. ಒಂದೊಂದನ್ನೂ ನೋಡೋಣ. ನಂತರ ಒಂದು ಊರನ್ನು ಊಹಿಸಿಕೊಂಡು ದರವನ್ನೇ ಲೆಕ್ಕ ಹಾಕೋಣ. ತಪ್ಪುಗಳು ಹೆಚ್ಚು ಆಗುವುದು ಆ ಲೆಕ್ಕದಲ್ಲೇ.

ಯಾವುದನ್ನು ನೋಡಿ ಅಳೆಯಬೇಕು?

ಮೊದಲನೆಯದು, ದುಡ್ಡು ಸಾಲುತ್ತದಾ? ಈ ವರ್ಷ ಸಾಲಿದರೆ ಆಗಲಿಲ್ಲ. ಜನ ಕಸ ಕಡಿಮೆ ಮಾಡಿದ ಮೇಲೂ ಸಾಲಬೇಕು.

ಎರಡನೆಯದು, ಒಂದು ಚೀಲ ಕಡಿಮೆ ಹಾಕಿದವರಿಗೆ ನಿಜಕ್ಕೂ ಏನಾದರೂ ಉಳಿಯುತ್ತದಾ? ಬಿಲ್ಲಿನಲ್ಲಿ ಕಾಣದ ಉಳಿತಾಯಕ್ಕಾಗಿ ಯಾರೂ ಕಸ ಬೇರೆ ಮಾಡುತ್ತಾ ಕೂರುವುದಿಲ್ಲ.

ಮೂರನೆಯದು, ಹೊರೆ ಯಾರ ಮೇಲೆ ಬೀಳುತ್ತದೆ? ಕಡಿಮೆ ಆದಾಯದ ಮನೆ, ಕೂಸಿರುವ ಮನೆ, ಹಾಸಿಗೆ ಹಿಡಿದ ರೋಗಿ ಇರುವ ಮನೆ, ಇವರ ಕಸ ಅವರ ಕೈಯಲ್ಲಿ ಇರುವುದಿಲ್ಲ.

ನಾಲ್ಕನೆಯದು, ಕಸ ಬೇರೆ ದಾರಿ ಹಿಡಿಯುತ್ತದಾ? ರಸ್ತೆ ಬದಿ, ಖಾಲಿ ಸೈಟು, ಮೋರಿ, ಬೆಂಕಿ, ಇಲ್ಲದಿದ್ದರೆ ಪಕ್ಕದ ಊರಿನ ಡಬ್ಬಿ. ಇನ್ನೂ ಒಂದು ಸುಲಭದ ದಾರಿ ಇದೆ. ಒಣ ಕಸ ಉಚಿತ ಅಂದರೆ, ಡೈಪರ್ ಕೂಡ ಒಣ ಕಸದ ಚೀಲಕ್ಕೇ ಹೋಗುತ್ತದೆ.

ಐದನೆಯದು, ಅಳೆಯುವುದಕ್ಕೇ ಎಷ್ಟು ಖರ್ಚು? ನೂರು ವಸೂಲಿ ಮಾಡಲು ಮೂವತ್ತು ಖರ್ಚಾಗುವ ಪದ್ಧತಿ ಯಾರಿಗೂ ಬೇಡ.

ಈ ಐದರಲ್ಲೂ ಪೂರ್ತಿ ಅಂಕ ತೆಗೆದುಕೊಳ್ಳುವ ಪದ್ಧತಿ ಒಂದೂ ಇಲ್ಲ. ನಿಮ್ಮ ಊರಿನಲ್ಲಿ ಯಾವುದು ದೊಡ್ಡ ತಲೆನೋವು ಅನ್ನುವುದರ ಮೇಲೆ ಆಯ್ಕೆ ನಿಲ್ಲುತ್ತದೆ.

ಇನ್ನೊಂದು ಮಾತು. ಇಲ್ಲಿ ಶುಲ್ಕ ಅಂದಾಗ ಮುಖ್ಯವಾಗಿ ಮಿಕ್ಕ ಕಸದ ಮೇಲಿನ ಶುಲ್ಕ. ಹಸಿ ಕಸ, ಒಣ ಕಸ ಬೇರೆ ಮಾಡಿದ ಮೇಲೆ ಉಳಿಯುತ್ತದಲ್ಲ, ಸುಡುವುದಕ್ಕೋ ಹೂಳುವುದಕ್ಕೋ ಹೋಗುವ ಕಸ, ಅದು. ಬೇರೆ ಮಾಡಿದ ಕಸವನ್ನು ಉಚಿತವಾಗಿಯೋ ಕಡಿಮೆ ದರಕ್ಕೋ ತೆಗೆದುಕೊಂಡರೆ ಮಾತ್ರ ಈ ಪದ್ಧತಿಗಳಿಗೆ ಅರ್ಥ. ಬೇರೆ ಮಾಡಿದ್ದನ್ನು ಕೊಡಲು ಜಾಗವೇ ಇಲ್ಲದ ಊರಲ್ಲಿ ಚೀಲಕ್ಕೆ ದರ ಹಾಕಿದರೆ, ಕಸ ಮೋರಿಗೆ ಹೋಗುತ್ತದೆ ಅಷ್ಟೇ.

ಎಲ್ಲರಿಗೂ ಒಂದೇ ದರ, ಅಥವಾ ಆಸ್ತಿ ನೋಡಿ ದರ

ಮನೆಗೆ ತಿಂಗಳಿಗೆ ಇಷ್ಟು ಅನ್ನುವುದು ಎಲ್ಲಕ್ಕಿಂತ ಸುಲಭ. ಆಸ್ತಿ ತೆರಿಗೆಯ ಜೊತೆಗೋ ನೀರಿನ ಬಿಲ್ಲಿನ ಜೊತೆಗೋ ಸೇರಿಸಿದರೆ ವಸೂಲಿಯೂ ಚೆನ್ನಾಗಿ ಆಗುತ್ತದೆ. ಬರುವ ದುಡ್ಡು ಎಷ್ಟು ಅಂತ ವರ್ಷದ ಮೊದಲೇ ಗೊತ್ತಿರುತ್ತದೆ. ಕಸ ಕದ್ದುಮುಚ್ಚಿ ಎಸೆಯಲು ಯಾರಿಗೂ ಕಾರಣವಿಲ್ಲ.

ಆದರೆ ಕಸ ಕಡಿಮೆ ಮಾಡಲೂ ಕಾರಣವಿಲ್ಲ. ಹತ್ತು ಚೀಲ ಹಾಕಿದರೂ ಅದೇ, ಎರಡು ಹಾಕಿದರೂ ಅದೇ. ಬಡವರ ಆದಾಯದಲ್ಲಿ ಈ ದರ ದೊಡ್ಡ ಪಾಲು ತಿನ್ನುತ್ತದೆ. ಮನೆಯ ವಿಸ್ತೀರ್ಣಕ್ಕೋ ಆಸ್ತಿಯ ಬೆಲೆಗೋ ತಕ್ಕ ಹಾಗೆ ಮೂರು ನಾಲ್ಕು ಹಂತ ಮಾಡಿದರೆ ಆ ಹೊರೆ ಸ್ವಲ್ಪ ಇಳಿಯುತ್ತದೆ. ಆದರೂ ಕಸಕ್ಕೂ ಬಿಲ್ಲಿಗೂ ಸಂಬಂಧ ಬರುವುದಿಲ್ಲ.

ನೀರಿನ ಬಳಕೆ ನೋಡಿ ಕಸದ ಶುಲ್ಕ ಹಾಕುವುದೂ ಇದೇ ಜಾತಿಗೆ ಸೇರಿದ್ದು. ಥೈವಾನಿನ ತೈಪೆಯಲ್ಲಿ 2000ದವರೆಗೆ ಹಾಗೇ ಇತ್ತು. ನೀರು ಜಾಸ್ತಿ ಬಳಸಿದವರು ಕಸದ ದುಡ್ಡೂ ಜಾಸ್ತಿ ಕೊಡುತ್ತಿದ್ದರು. ಗಿಡಕ್ಕೆ ನೀರು ಹಾಕಿದವರಿಗೆ ಬಿಲ್ಲು ಏರುತ್ತಿತ್ತು, ಪ್ಲಾಸ್ಟಿಕ್ ಎಸೆದವರಿಗೆ ಏರುತ್ತಿರಲಿಲ್ಲ. ಆ ವರ್ಷ ನಗರ ಅದನ್ನು ಬಿಟ್ಟು ಚೀಲದ ಪದ್ಧತಿಗೆ ಬಂತು.

ಹಾಗಂತ ಸಮಾನ ದರ ಕೆಟ್ಟದ್ದೇ ಅಂತ ಹೇಳಲಾರೆ. ಗಾಡಿ ದಿನ ಬಿಟ್ಟು ದಿನವೂ ನಂಬಿಕೆಯಿಂದ ಬರುತ್ತಿಲ್ಲ, ಹಸಿ-ಒಣ ಬೇರೆ ಎತ್ತುವ ವ್ಯವಸ್ಥೆ ಇನ್ನೂ ನಿಂತಿಲ್ಲ ಅಂದರೆ, ಮೊದಲ ಒಂದೆರಡು ವರ್ಷಕ್ಕೆ ಹಂತದ ಸಮಾನ ದರವೇ ಸರಿ. ಬರದ ಗಾಡಿಗೆ ಚೀಲದ ಲೆಕ್ಕದಲ್ಲಿ ದುಡ್ಡು ಕೇಳಿದರೆ ಜನ ಕೊಡುವುದಿಲ್ಲ, ಕೊಡಬೇಕಾಗೂ ಇಲ್ಲ.

ಡಬ್ಬಿಯ ಅಳತೆಗೆ ದರ

ಮನೆಯವರು 60, 120 ಅಥವಾ 240 ಲೀಟರಿನ ಡಬ್ಬಿ ಆರಿಸಿಕೊಳ್ಳುತ್ತಾರೆ. ದೊಡ್ಡದಕ್ಕೆ ಜಾಸ್ತಿ, ಚಿಕ್ಕದಕ್ಕೆ ಕಡಿಮೆ. ಅಮೆರಿಕದ ಸಿಯಾಟಲ್ 1981ರಲ್ಲಿ ಈ ಪದ್ಧತಿ ತಂದಿತು. ಬಿಲ್ಲು ಪ್ರತಿ ತಿಂಗಳೂ ಒಂದೇ ಇರುವುದರಿಂದ ಮನೆಗೂ ಊರಿಗೂ ನೆಮ್ಮದಿ. ಗಾಡಿಯೇ ಡಬ್ಬಿ ಎತ್ತಿ ಸುರಿದುಕೊಳ್ಳುವಂಥ ಯಂತ್ರವಿದ್ದರೆ ಕೆಲಸಗಾರರ ಬೆನ್ನಿಗೂ ಒಳ್ಳೆಯದು.

ಇದರ ತೊಡಕು ಮೆಟ್ಟಿಲಿನದು. 120 ಲೀಟರಿನ ಡಬ್ಬಿ ತೆಗೆದುಕೊಂಡ ಮನೆ ಅದನ್ನು ಮುಕ್ಕಾಲು ತುಂಬಿಸಿದರೂ ಅಷ್ಟೇ ದುಡ್ಡು, ಪೂರ್ತಿ ತುಂಬಿಸಿದರೂ ಅಷ್ಟೇ. ಅರ್ಧಕ್ಕಿಂತ ಕೆಳಗೆ ಇಳಿಸಿ ಚಿಕ್ಕ ಡಬ್ಬಿಗೆ ಬದಲಾಯಿಸಿದರೆ ಮಾತ್ರ ಉಳಿತಾಯ. ಅದಕ್ಕೇ ಎಲ್ಲಕ್ಕಿಂತ ಚಿಕ್ಕ ಡಬ್ಬಿ ನಿಜಕ್ಕೂ ಚಿಕ್ಕದಿರಬೇಕು. ಸಿಯಾಟಲ್ ಕೂಡ ನಂತರ ಮಾಮೂಲಿ ಕ್ಯಾನಿಗಿಂತ ಚಿಕ್ಕ ಅಳತೆಗಳನ್ನು ಸೇರಿಸಿತು. ಇನ್ನೊಂದು ನೋಡಬೇಕಾದ್ದು ದರದ ಅಂತರ. ಎರಡು ಪಟ್ಟು ದೊಡ್ಡ ಡಬ್ಬಿಗೆ ದರ ಬರೀ ಹತ್ತಿಪ್ಪತ್ತು ಶೇಕಡ ಜಾಸ್ತಿ ಇದ್ದರೆ ಎಲ್ಲರೂ ದೊಡ್ಡದನ್ನೇ ತೆಗೆದುಕೊಳ್ಳುತ್ತಾರೆ.

ಇದರದ್ದೇ ಸುಧಾರಿತ ರೂಪ, ಎಷ್ಟು ಸಲ ಎತ್ತಿದರು ಅನ್ನುವುದಕ್ಕೆ ದರ. ಡಬ್ಬಿಗೆ ಒಂದು ಚಿಪ್ ಅಂಟಿಸಿರುತ್ತಾರೆ. ಗಾಡಿ ಎತ್ತಿದಾಗೆಲ್ಲ ಒಂದು ಲೆಕ್ಕ ಬೀಳುತ್ತದೆ. ಇಟಲಿಯ ತ್ರೆವಿಜೊ ಸುತ್ತಮುತ್ತ ಹೀಗೇ ನಡೆಯುತ್ತದೆ. ಅಲ್ಲಿ ಒಂದು ಸ್ಥಿರ ಭಾಗ, ಅದರ ಮೇಲೆ ಮಿಕ್ಕ ಕಸದ ಡಬ್ಬಿ ಎತ್ತಿದ ಸಲಗಳ ಭಾಗ. ಡಬ್ಬಿ ತುಂಬಿದ ಮೇಲೇ ಹೊರಗಿಡುವ ಅಭ್ಯಾಸ ಬೆಳೆದರೆ ಗಾಡಿ ನಿಲ್ಲಬೇಕಾದ ಮನೆಗಳೂ ಕಡಿಮೆಯಾಗುತ್ತವೆ. ಆದರೆ ಹಸಿ ಕಸ ಬೇರೆ ಹೋಗದಿದ್ದರೆ ಡಬ್ಬಿ ವಾರಗಟ್ಟಲೆ ಮನೆಯಲ್ಲೇ ಕೊಳೆಯುತ್ತದೆ. ಇನ್ನು, ವರ್ಷಪೂರ್ತಿ ಒಂದು ಸಲವೂ ಡಬ್ಬಿ ಹೊರಗಿಡದ ಮನೆಗಳು ಕಾಣಿಸಿಕೊಳ್ಳುತ್ತವೆ. ಅವರ ಕಸ ಎಲ್ಲಿ ಹೋಯಿತು? ಅದಕ್ಕಾಗಿಯೇ ವರ್ಷಕ್ಕೆ ಇಷ್ಟು ಸಲ ಅಂತ ಕನಿಷ್ಠ ಲೆಕ್ಕವನ್ನು ಎಲ್ಲರ ಬಿಲ್ಲಿನಲ್ಲೂ ಸೇರಿಸುವುದು ಒಳ್ಳೆಯದು.

ಈ ಎರಡೂ ಬಿಡಿ ಮನೆಗಳ ಊರಿಗೆ ಹೇಳಿ ಮಾಡಿಸಿದ ಪದ್ಧತಿ. ಡಬ್ಬಿ ಇಡಲು ಅಂಗಳವಿಲ್ಲದ ಇಕ್ಕಟ್ಟಿನ ಗಲ್ಲಿಗೆ ಒಗ್ಗುವುದಿಲ್ಲ.

ಚೀಲಕ್ಕೆ ದರ

ಊರು ಒಂದು ಗುರುತಿನ ಚೀಲ ಮಾಡಿಸುತ್ತದೆ. ಅಂಗಡಿಗಳಲ್ಲಿ ಮಾರುತ್ತದೆ. ಚೀಲದ ಬೆಲೆಯಲ್ಲೇ ಕಸದ ಶುಲ್ಕ ಸೇರಿರುತ್ತದೆ. ಮಿಕ್ಕ ಕಸ ಆ ಚೀಲದಲ್ಲಿ ಇದ್ದರೆ ಗಾಡಿ ಎತ್ತುತ್ತದೆ, ಬೇರೆ ಚೀಲದಲ್ಲಿದ್ದರೆ ಎತ್ತುವುದಿಲ್ಲ. ದಕ್ಷಿಣ ಕೊರಿಯಾ 1995ರಲ್ಲಿ ಇಡೀ ದೇಶಕ್ಕೆ ಇದನ್ನು ತಂದಿತು. ಜ್ಯೂರಿಕ್ ನಗರ 1993ರಿಂದ ಇದನ್ನೇ ಬಳಸುತ್ತಿದೆ.

ಇದರಲ್ಲಿ ಬಿಲ್ಲು ಇಲ್ಲ, ಬಾಕಿ ಇಲ್ಲ, ಮೀಟರ್ ಇಲ್ಲ. ದುಡ್ಡು ಮೊದಲೇ ಬಂದಿರುತ್ತದೆ. ಒಂದೊಂದು ಚೀಲಕ್ಕೂ ಉಳಿತಾಯ ಕಣ್ಣಿಗೆ ಕಾಣುತ್ತದೆ. ಚಿಪ್, ತಕ್ಕಡಿ ಯಾವುದೂ ಬೇಡವಾದ್ದರಿಂದ ಚಿಕ್ಕ ಊರು ಕೂಡ ಶುರು ಮಾಡಬಹುದು. ಬಾಡಿಗೆ ಮನೆ, ಒಂದೇ ಕಟ್ಟಡದಲ್ಲಿ ಹತ್ತು ಸಂಸಾರ, ಎಲ್ಲಕ್ಕೂ ಒಗ್ಗುತ್ತದೆ. ಆರಂಭದ ಬಂಡವಾಳ ಕಡಿಮೆ ಇರುವ ಊರಿಗೆ ನನ್ನ ಮೊದಲ ಸಲಹೆ ಇದೇ.

ಆದರೆ ಚೀಲ ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಇದರ ಪರಿಣಾಮ ಏನು ಅಂತ ಚೆನ್ನಾಗಿ ತೋರಿಸಿದ್ದು ಅಮೆರಿಕದ ವರ್ಜೀನಿಯಾದ ಷಾರ್ಲಟ್ಸ್‌ವಿಲ್. ಅಲ್ಲಿ 1992ರಲ್ಲಿ ಚೀಲಕ್ಕೆ 80 ಸೆಂಟ್ ದರ ಬಂತು. ಡಾನ್ ಫುಲರ್ಟನ್, ಥಾಮಸ್ ಕಿನ್ನಮನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 75 ಮನೆಗಳ ಕಸವನ್ನು ದರ ಬರುವ ಮೊದಲೂ ಬಂದ ಮೇಲೂ ತೂಗಿ ನೋಡಿದರು. ಕಸದ ಗಾತ್ರ 37% ಇಳಿದಿತ್ತು. ತೂಕ ಇಳಿದದ್ದು 14% ಮಾತ್ರ. ಉಳಿದದ್ದು ತುಳಿದು ತುಳಿದು ತುಂಬಿದ್ದು. ಸಿಯಾಟಲ್‌ನಲ್ಲೂ ಜನ ಡಬ್ಬಿಯೊಳಗೆ ಕಾಲಿಟ್ಟು ತುಳಿಯುತ್ತಿದ್ದುದು ಊರಿಗೇ ಗೊತ್ತಿತ್ತು. ಷಾರ್ಲಟ್ಸ್‌ವಿಲ್‌ನಲ್ಲಿ ಕಡಿಮೆಯಾದ ಕಸದಲ್ಲೂ ಸುಮಾರು 28% ಅಕ್ರಮವಾಗಿ ಬೇರೆಲ್ಲೋ ಹೋಗಿರಬಹುದು ಅನ್ನುವುದು ಅವರ ಅಂದಾಜು.

ತುಳಿದು ತುಂಬಿದ ಚೀಲದಿಂದ ಊರಿಗೆ ಎರಡು ಪೆಟ್ಟು. ಚೀಲದ ಮಾರಾಟ ಕುಸಿಯುತ್ತದೆ, ಆದರೆ ಹೂಳುವ ಜಾಗದಲ್ಲಿ ಟನ್ನಿಗೆ ಇಷ್ಟು ಅಂತ ಕೊಡಬೇಕಾದ ದುಡ್ಡು ಅಷ್ಟು ಇಳಿಯುವುದಿಲ್ಲ. ಎತ್ತುವವರ ಬೆನ್ನಿಗೂ ಪೆಟ್ಟು. ಕೊರಿಯಾದಲ್ಲಿ 100 ಲೀಟರಿನ ಚೀಲಗಳು ಕಾರ್ಮಿಕರಿಗೆ ಗಾಯ ಮಾಡುತ್ತಿವೆ ಅನ್ನುವ ಕಾರಣಕ್ಕೆ ಹಲವು ಸ್ಥಳೀಯ ಆಡಳಿತಗಳು ಅವನ್ನು ನಿಲ್ಲಿಸಿ 75 ಲೀಟರಿಗೆ ಇಳಿದವು. ಹಾಗಾಗಿ ದೊಡ್ಡ ಚೀಲ ಮಾಡಿಸಲೇಬೇಡಿ. 10, 20, 35 ಲೀಟರ್ ಸಾಕು. ಒಬ್ಬರೇ ಇರುವ ಮನೆಗೆ 10 ಲೀಟರಿನದ್ದು ಇರಲೇಬೇಕು, ಇಲ್ಲದಿದ್ದರೆ ಅವರ ಉಳಿತಾಯಕ್ಕೆ ದಾರಿಯೇ ಇಲ್ಲ.

ನಕಲಿ ಚೀಲದ ಕಾಟವೂ ಇದೆ. ಅದನ್ನು ಹಿಡಿಯುವ ಸರಳ ಉಪಾಯ, ಅಂಗಡಿಗೆ ಕೊಟ್ಟ ಚೀಲದ ಸಂಖ್ಯೆಯನ್ನೂ ಗಾಡಿ ಎತ್ತಿದ ಚೀಲದ ಸಂಖ್ಯೆಯನ್ನೂ ತಿಂಗಳಿಗೊಮ್ಮೆ ಒಂದೆರಡು ಬೀದಿಯಲ್ಲಿ ಹೋಲಿಸಿ ನೋಡುವುದು. ತೈಪೆಯಲ್ಲಿ ಇನ್ನೊಂದು ಅನುಕೂಲ ಇದೆ. ಅಲ್ಲಿ ಕಸವನ್ನು ರಸ್ತೆಯಲ್ಲಿ ಇಟ್ಟು ಹೋಗುವಂತಿಲ್ಲ. ಹಾಡು ಹಾಕಿಕೊಂಡು ಗಾಡಿ ಬರುತ್ತದೆ, ಜನ ತಮ್ಮ ಚೀಲವನ್ನು ತಾವೇ ಗಾಡಿಗೆ ಹಾಕಬೇಕು. ಯಾರ ಕೈಯಲ್ಲಿ ಯಾವ ಚೀಲ ಅನ್ನುವುದು ಎದುರಿಗೇ ಕಾಣುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಇರದವರಿಗೆ ಇದು ಕಷ್ಟ, ಅದನ್ನೂ ಮರೆಯಬಾರದು.

ಕಿಲೋಗೆ ದರ

ನ್ಯಾಯದ ಲೆಕ್ಕದಲ್ಲಿ ತೂಕವೇ ಎಲ್ಲಕ್ಕಿಂತ ಹತ್ತಿರ. ಊರು ಹೂಳುವುದಕ್ಕೆ ಕೊಡುವುದೂ ತೂಕಕ್ಕೇ ತಾನೆ? ತುಳಿದು ತುಂಬಿದರೆ ಲಾಭವಿಲ್ಲ. ಹಸಿ ಕಸದ ನೀರು ಬಸಿದರೆ ಬಿಲ್ಲು ಇಳಿಯುತ್ತದೆ, ಅದರಿಂದ ಗಾಡಿಗೂ ಒಳ್ಳೆಯದು.

ಆದರೆ ಪ್ರತಿ ಗಾಡಿಗೂ ತಕ್ಕಡಿ, ಪ್ರತಿ ಡಬ್ಬಿಗೂ ಚಿಪ್ ಬೇಕು. ತಕ್ಕಡಿ ಸರಿ ಇದೆಯಾ ಅಂತ ಆಗಾಗ ಪರೀಕ್ಷೆ ಮಾಡಿಸಬೇಕು. ದೂರು ಬಂದರೆ ತೋರಿಸಲು ದಾಖಲೆ ಇರಬೇಕು. ಮಳೆಗೆ ನೆನೆದ ಡಬ್ಬಿಯ ತೂಕ ಯಾರು ಕೊಡಬೇಕು, ರಾತ್ರಿ ಪಕ್ಕದ ಮನೆಯವರು ನಮ್ಮ ಡಬ್ಬಿಗೆ ಹಾಕಿದರೆ ಏನು ಅಂತ ಜಗಳಗಳು ಬರುತ್ತವೆ. ಬಿಡಿ ಮನೆಗಳ ಚಿಕ್ಕ ಊರಿಗೆ ಇದು ಖರ್ಚಿಗೆ ತಕ್ಕ ಫಲ ಕೊಡುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ತೂಕ ಚೆನ್ನಾಗಿ ಕೆಲಸ ಮಾಡುವುದು ಒಂದೇ ಜಾಗಕ್ಕೆ ಬಹಳ ಮನೆಗಳು ಕಸ ತರುವಲ್ಲಿ. ಕೊರಿಯಾದ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಊಟದ ಕಸಕ್ಕೆ ಇಂಥ ಯಂತ್ರ ಇದೆ. ಕಾರ್ಡು ತೋರಿಸಿದರೆ ಮುಚ್ಚಳ ತೆರೆಯುತ್ತದೆ, ಸುರಿದರೆ ತೂಕ ಕಾಣುತ್ತದೆ, ಆ ಮನೆಯ ಲೆಕ್ಕಕ್ಕೆ ಸೇರುತ್ತದೆ. ಒಂದು ತಕ್ಕಡಿಯ ಖರ್ಚು ಹತ್ತಾರು ಮನೆಗೆ ಹಂಚಿಹೋಗುತ್ತದೆ.

ಅಪಾರ್ಟ್‌ಮೆಂಟುಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಕೆಳಗಡೆ ಎಲ್ಲರಿಗೂ ಸೇರಿದ ದೊಡ್ಡ ಡಬ್ಬಿ ಇದ್ದರೆ ಯಾರ ಕಸ ಯಾರದ್ದು ಅಂತ ಗೊತ್ತಾಗುವುದಿಲ್ಲ. ಇಡೀ ಕಟ್ಟಡಕ್ಕೆ ಬಿಲ್ಲು ಕೊಟ್ಟು ಹಂಚಿಕೊಳ್ಳಿ ಅಂದರೆ, ನಾನು ಕಡಿಮೆ ಮಾಡಿದ ಒಂದು ಚೀಲದ ಉಳಿತಾಯ ನೂರು ಮನೆಗೆ ಹಂಚಿಹೋಗುತ್ತದೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ಹಾಂಗ್‌ಕಾಂಗ್ ಚೀಲದ ಶುಲ್ಕಕ್ಕೆ 2021ರಲ್ಲೇ ಕಾನೂನು ಮಾಡಿತ್ತು. ಜಾರಿಗೆ ಮೊದಲು 2024ರಲ್ಲಿ ಕೆಲವು ಕಟ್ಟಡಗಳಲ್ಲಿ ಪ್ರಯೋಗ ಮಾಡಿ, ಅದೇ ಮೇ ತಿಂಗಳಲ್ಲಿ ಯೋಜನೆಯನ್ನೇ ತಡೆಹಿಡಿಯಿತು. ಎತ್ತರದ ಕಟ್ಟಡಗಳು ತುಂಬಿದ ಊರು ಈ ಭಾಗವನ್ನು ಮೊದಲು ಬಗೆಹರಿಸಿಕೊಂಡು ಆಮೇಲೆ ದಿನಾಂಕ ಘೋಷಿಸಬೇಕು.

ದರ ಹಾಕುವ ಲೆಕ್ಕ

ಪದ್ಧತಿ ಯಾವುದೇ ಇರಲಿ, ದರ ತಪ್ಪಿದರೆ ಎಲ್ಲ ತಪ್ಪುತ್ತದೆ. 10,000 ಮನೆಗಳ ಒಂದು ಊರನ್ನು ಊಹಿಸಿಕೊಳ್ಳಿ. ಹಣ ಯಾವ ದೇಶದ್ದಾದರೂ ಆಗಲಿ, ಲೆಕ್ಕಕ್ಕೆ ನಾಣ್ಯ ಅನ್ನೋಣ. ಅಂಕಿಗಳೂ ಊಹೆಯವೇ, ನಿಮ್ಮ ಊರಿನದನ್ನು ಆ ಜಾಗಕ್ಕೆ ಹಾಕಿಕೊಳ್ಳಿ.

ತಿಂಗಳ ಒಟ್ಟು ಖರ್ಚು 10 ಲಕ್ಷ ನಾಣ್ಯ. ಮೊದಲು ಇದನ್ನು ಎರಡಾಗಿ ಒಡೆಯಿರಿ. ಗಾಡಿ, ಸಂಬಳ, ಕಚೇರಿ, ಇವು ಕಸ ಕಡಿಮೆಯಾದರೂ ಇಳಿಯುವುದಿಲ್ಲ. ಇದು 6.5 ಲಕ್ಷ ಅಂದುಕೊಳ್ಳೋಣ. ಹೂಳುವ ಶುಲ್ಕ, ಸಾಗಣೆ, ಚೀಲದ ತಯಾರಿ, ಇವು ಕಸದ ಜೊತೆ ಏರಿ ಇಳಿಯುತ್ತವೆ. ಇದು 3.5 ಲಕ್ಷ. ಮನೆಗೆ ತಿಂಗಳಿಗೆ ಸರಾಸರಿ 20 ಲೀಟರಿನ 10 ಚೀಲ ಮಿಕ್ಕ ಕಸ.

ಇಲ್ಲಿ ಬಹಳ ಜನ ಮಾಡುವ ಲೆಕ್ಕ ಹೀಗಿದೆ. 1 ಲಕ್ಷ ಚೀಲ, 10 ಲಕ್ಷ ಖರ್ಚು, ಚೀಲಕ್ಕೆ 10 ನಾಣ್ಯ ಇಟ್ಟರೆ ಸರಿಹೋಯಿತು. ಸರಿಹೋಗುವುದಿಲ್ಲ. ದರ ಬಂದ ಮೇಲೆ ಜನ ಬೇರೆ ಮಾಡುತ್ತಾರೆ, ತುಳಿಯುತ್ತಾರೆ. ಮನೆಗೆ 10 ಇದ್ದ ಚೀಲ 6.5ಕ್ಕೆ ಇಳಿಯಿತು ಅಂದುಕೊಳ್ಳಿ. ಬರುವ ದುಡ್ಡು 6.5 ಲಕ್ಷ. ಖರ್ಚು? ಸ್ಥಿರ ಭಾಗ ಹಾಗೇ 6.5 ಲಕ್ಷ. ಬದಲಾಗುವ ಭಾಗ, ತೂಕ ಅಷ್ಟೇನೂ ಇಳಿಯದ್ದರಿಂದ, 3 ಲಕ್ಷಕ್ಕೆ ಬಂತು. ಒಟ್ಟು 9.5 ಲಕ್ಷ. ತಿಂಗಳಿಗೆ 3 ಲಕ್ಷ ಕೊರತೆ. ಇದನ್ನು ತುಂಬಲು ಚೀಲದ ಬೆಲೆ ಏರಿಸಿದರೆ ಚೀಲ ಇನ್ನೂ ಇಳಿಯುತ್ತದೆ, ಕದ್ದು ಎಸೆಯುವವರು ಜಾಸ್ತಿಯಾಗುತ್ತಾರೆ. ಕಸ ಕಡಿಮೆ ಮಾಡಿದ್ದಕ್ಕೇ ದರ ಏರಿತು ಅಂತ ಜನರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ತಪ್ಪಿಲ್ಲ.

ಹಾಗಾಗಿ ಗಾಡಿ ಬರುವುದಕ್ಕೆ ಒಂದು ದರ, ಕಸಕ್ಕೆ ಇನ್ನೊಂದು ದರ. ಮನೆಗೆ ತಿಂಗಳಿಗೆ 65 ನಾಣ್ಯ ಮೂಲ ಶುಲ್ಕ ಇಡೋಣ, ಒಟ್ಟು 6.5 ಲಕ್ಷ. ಇದರಲ್ಲಿ 5% ವಸೂಲಿ ಆಗುವುದಿಲ್ಲ ಅಂತ ಮೊದಲೇ ಒಪ್ಪಿಕೊಳ್ಳಿ, 32,500 ಹೋಯಿತು. ಕಡಿಮೆ ಆದಾಯದ 1,000 ಮನೆಗೆ ಮೂಲ ಶುಲ್ಕದಲ್ಲಿ ಅರ್ಧ ಬಿಟ್ಟರೆ ಇನ್ನೊಂದು 32,500. ಕೈಗೆ ಬರುವುದು 5.85 ಲಕ್ಷ. ಬೇಕಾದದ್ದು 9.5 ಲಕ್ಷ, ಅಂದರೆ 3.65 ಲಕ್ಷ ಚೀಲದಿಂದ ಬರಬೇಕು. ಚೀಲ ಎಷ್ಟು? ಈಗಿನ 1 ಲಕ್ಷದ ಮೇಲೆ ಲೆಕ್ಕ ಹಾಕಬೇಡಿ. ಇಳಿದ ಮೇಲಿನ 65,000ದ ಮೇಲೆ ಹಾಕಿ. ಚೀಲಕ್ಕೆ 5.6 ಬರುತ್ತದೆ, 6 ಇಡೋಣ. ಆಗ ಚೀಲದಿಂದ 3.9 ಲಕ್ಷ, ಒಟ್ಟು 9.75 ಲಕ್ಷ, ಕೈಯಲ್ಲಿ 25,000 ಮಿಗುತ್ತದೆ. ಚೀಲ ಇನ್ನೂ ನಾಲ್ಕು ಸಾವಿರ ಇಳಿದರೂ ಲೆಕ್ಕ ಮುಳುಗುವುದಿಲ್ಲ.

ಈಗ ಮನೆಗಳ ಬಿಲ್ಲು ನೋಡಿ. ಒಬ್ಬರೇ ಇದ್ದು 3 ಚೀಲ ಹಾಕುವ ಮನೆಗೆ 83 ನಾಣ್ಯ. ಸರಾಸರಿ ಮನೆಗೆ 104. ಆರು ಜನ, ಅದರಲ್ಲೊಂದು ಕೂಸು, 14 ಚೀಲ ಹಾಕುವ ಮನೆಗೆ 149. ಅಂತರ ಇದೆ, ಆದರೆ ಯಾರನ್ನೂ ಮುರಿಯುವಂಥದ್ದಲ್ಲ. ಚೀಲಕ್ಕೇ ಪೂರ್ತಿ 10 ನಾಣ್ಯ ಇಟ್ಟಿದ್ದರೆ ಒಬ್ಬರೇ ಇರುವ ಮನೆಯ ಬಿಲ್ಲು 30, ಆರು ಜನರ ಮನೆಯ ಬಿಲ್ಲು 140 ಆಗುತ್ತಿತ್ತು. 30 ಕೊಟ್ಟ ಮನೆಯ ಬಾಗಿಲಿಗೂ ಗಾಡಿ ಅಷ್ಟೇ ಸಲ ಹೋಗುತ್ತದೆ, ಅಲ್ವಾ?

ಕೂಸಿರುವ ಮನೆಗೆ ಸಹಾಯ ಹೇಗೆ? ಚೀಲದ ಬೆಲೆ ಇಳಿಸಬೇಡಿ. ಅಗ್ಗದ ಚೀಲ ಅಂತ ಒಂದು ಬಂದರೆ ಅದು ಊರೆಲ್ಲ ಕೈ ಬದಲಾಗುತ್ತದೆ, ಕಡಿಮೆ ಮಾಡಿದರೆ ಸಿಗುವ ಉಳಿತಾಯವೂ ಕುಗ್ಗುತ್ತದೆ. ತಿಂಗಳಿಗೆ 6 ಚೀಲ ಉಚಿತ ಕೊಡಿ, ಮಗುವಿಗೆ ಎರಡು ವರ್ಷ ತುಂಬುವವರೆಗೆ. ಆಗ ಆ ಮನೆಯ ಬಿಲ್ಲು 113ಕ್ಕೆ ಇಳಿಯುತ್ತದೆ. ಏಳನೇ ಚೀಲಕ್ಕೆ ಅವರೂ 6 ನಾಣ್ಯವನ್ನೇ ಕೊಡುತ್ತಾರೆ. ಇಂಥ 400 ಮನೆಗಳಿದ್ದರೆ ಊರಿಗೆ ತಿಂಗಳಿಗೆ 14,400 ನಾಣ್ಯ ಕಡಿಮೆ ಬರುತ್ತದೆ, ಮಿಗತೆ 10,600ಕ್ಕೆ ಬರುತ್ತದೆ. ಇದನ್ನು ಘೋಷಣೆಗೆ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಸಿಗೆ ಹಿಡಿದವರಿರುವ ಮನೆಗೂ ಇದೇ ದಾರಿ.

ಚೀಲದ ಬೆಲೆ ಎಷ್ಟರವರೆಗೆ ಹೋಗಬಹುದು ಅನ್ನುವುದಕ್ಕೆ ಒಂದು ಅಳತೆ ಇದೆ. ಬದಲಾಗುವ ಖರ್ಚು 3 ಲಕ್ಷವನ್ನು 65,000 ಚೀಲಕ್ಕೆ ಹಂಚಿದರೆ ಚೀಲಕ್ಕೆ ಸುಮಾರು 4.6 ನಾಣ್ಯ. ಒಂದು ಚೀಲ ಕಡಿಮೆಯಾದರೆ ಊರಿಗೆ ಉಳಿಯುವುದು ಹೆಚ್ಚುಕಡಿಮೆ ಅಷ್ಟೇ. ಬೆಲೆ ಅದರ ಆಸುಪಾಸಿನಲ್ಲಿ ಇರಲಿ. ತುಂಬ ಮೇಲೆ ಹೋದರೆ ಕದ್ದು ಎಸೆಯುವುದಕ್ಕೆ ನಾವೇ ಕಾರಣ ಕೊಟ್ಟ ಹಾಗೆ.

ಯಾರಿಗೆ ಯಾವುದು

ಬಿಡಿ ಮನೆಗಳು, ಅಂಗಳ, ಯಂತ್ರದ ಗಾಡಿ ಇರುವ ಊರು ಡಬ್ಬಿ ಎತ್ತಿದ ಸಲಕ್ಕೆ ದರ ಹಾಕಲಿ. ಬಂಡವಾಳ ಕಡಿಮೆ, ಬಾಡಿಗೆ ಮನೆಗಳು ಜಾಸ್ತಿ, ಗಲ್ಲಿಗಳು ಇಕ್ಕಟ್ಟು ಅಂದರೆ ಚೀಲ. ದೊಡ್ಡ ಅಪಾರ್ಟ್‌ಮೆಂಟುಗಳಿದ್ದರೆ ಕಾರ್ಡಿನ ಮುಚ್ಚಳವಿರುವ ಡಬ್ಬಿ, ಸಾಧ್ಯವಾದರೆ ತಕ್ಕಡಿಯ ಜೊತೆ. ಮೂರೂ ಬೆರೆತ ಊರಾದರೆ ಬಡಾವಣೆಗೆ ತಕ್ಕ ಹಾಗೆ ಬೇರೆ ಬೇರೆ ಅಳತೆ ಇಟ್ಟುಕೊಳ್ಳಬಹುದು, ಮೂಲ ಶುಲ್ಕ ಮಾತ್ರ ಊರಿಗೆಲ್ಲ ಒಂದೇ ಇರಲಿ. ವ್ಯವಸ್ಥೆಯೇ ಇನ್ನೂ ಸರಿಯಿಲ್ಲದ ಊರು ಹಂತದ ಸಮಾನ ದರದಿಂದ ಶುರು ಮಾಡಲಿ. ಆದರೆ ಬಿಲ್ಲಿನಲ್ಲಿ ಗಾಡಿಯ ಖರ್ಚು ಎಷ್ಟು, ಕಸದ ಖರ್ಚು ಎಷ್ಟು ಅಂತ ಮೊದಲ ದಿನದಿಂದಲೇ ಬೇರೆ ತೋರಿಸಲಿ. ಮುಂದೆ ಚೀಲಕ್ಕೆ ಹೋಗುವಾಗ ಅರ್ಧ ವಾದ ಅಲ್ಲೇ ಮುಗಿದಿರುತ್ತದೆ.

ಶುರುವಾದ ಮೇಲೆ ಏನು ನೋಡಬೇಕು

ಕಸ ಕಡಿಮೆಯಾಯಿತಾ, ಸುಮ್ನೆ ಬೇರೆ ಕಡೆ ಹೋಯಿತಾ? ಇದನ್ನು ತಿಳಿಯಲು ದರ ಬರುವ ಕನಿಷ್ಠ ಆರು ತಿಂಗಳ ಮೊದಲಿಂದಲೇ ವೇಬ್ರಿಡ್ಜಿನ ತೂಕ ಬರೆದಿಡಬೇಕು. ಮಿಕ್ಕ ಕಸ, ಹಸಿ, ಒಣ, ಮೂರೂ ಬೇರೆ ಬೇರೆ. ಮೊದಲಿನ ಅಂಕಿ ಇಲ್ಲದಿದ್ದರೆ ಆಮೇಲಿನ ಅಂಕಿಗೆ ಬೆಲೆಯಿಲ್ಲ.

ಮಿಕ್ಕ ಕಸ ತಿಂಗಳಿಗೆ 100 ಟನ್ ಇಳಿಯಿತು, ಹಸಿ ಮತ್ತು ಒಣ ಸೇರಿ 80 ಟನ್ ಏರಿತು ಅಂದರೆ ಒಳ್ಳೆಯ ಲಕ್ಷಣ. ಉಳಿದ 20 ಟನ್‌ನಲ್ಲಿ ಸ್ವಲ್ಪ ಮನೆಯಲ್ಲೇ ಗೊಬ್ಬರವಾಗಿರಬಹುದು, ಸ್ವಲ್ಪ ಕೊಳ್ಳುವುದೇ ಕಡಿಮೆಯಾಗಿರಬಹುದು. 100 ಇಳಿದು ಬರೀ 30 ಏರಿದ್ದರೆ ಉಳಿದದ್ದನ್ನು ಹುಡುಕಬೇಕು. ಕಸ ಬಿಸಾಡುವ ಜಾಗಗಳ ಪಟ್ಟಿ ಮಾಡಿ ವಾರಕ್ಕೊಮ್ಮೆ ಅಲ್ಲಿಂದ ಎಷ್ಟು ಎತ್ತಿದರು ಅಂತ ಬರೆಯಿರಿ. ಒಣ ಕಸ ವಿಂಗಡಿಸುವ ಕೇಂದ್ರದಲ್ಲಿ, ಕೆಲಸಕ್ಕೆ ಬಾರದೆ ತೆಗೆದು ಹಾಕಿದ ಪಾಲು ಎಷ್ಟು ಅಂತ ಕೇಳಿ. ಅದು ಹತ್ತರಿಂದ ಇಪ್ಪತ್ತೈದು ಶೇಕಡಕ್ಕೆ ಏರಿದ್ದರೆ, ಚೀಲದ ದುಡ್ಡು ಉಳಿಸಲು ಜನ ಮಿಕ್ಕ ಕಸವನ್ನು ಅಲ್ಲಿಗೆ ತುರುಕುತ್ತಿದ್ದಾರೆ ಅಂತ ಅರ್ಥ. ಆಗ ಚೀಲದ ಬೆಲೆಗೆ ಕೈ ಹಾಕುವ ಮೊದಲು ಒಣ ಕಸ ಎತ್ತುವವರಿಗೆ, ತಪ್ಪು ಚೀಲವನ್ನು ಕಾರಣದ ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಬರುವ ಅಧಿಕಾರ ಕೊಡಿ.

ದರವನ್ನು ವರ್ಷಕ್ಕೊಮ್ಮೆ ಮಾತ್ರ ತಿದ್ದಿ, ಅದೂ ಮೊದಲೇ ಹೇಳಿದ ತಿಂಗಳಲ್ಲಿ. ಸಂಬಳ, ಡೀಸೆಲ್ ಏರಿದರೆ ಮೂಲ ಶುಲ್ಕದಲ್ಲಿ ತೋರಿಸಿ. ಹೂಳುವ ದರ ಏರಿದರೆ ಚೀಲದ ಬೆಲೆಯಲ್ಲಿ ತೋರಿಸಿ. ಎರಡನ್ನೂ ಬೆರೆಸಿ ಚೀಲದ ಮೇಲೇ ಹೊರಿಸಿದರೆ, ಎರಡು ಮೂರು ವರ್ಷದಲ್ಲಿ ಆ ಚೀಲದ ಬೆಲೆಗೂ ಅದರೊಳಗಿನ ಕಸದ ಖರ್ಚಿಗೂ ಸಂಬಂಧವೇ ಉಳಿದಿರುವುದಿಲ್ಲ.